ಖಾಲಿ ಕೋಣೆಯಲ್ಲಿ ಪಾಠ ರೆಕಾರ್ಡ್ ಮಾಡಿದೆ, ಬಾವಿಯೊಳಗಿಂದ ಮಾತಾಡಿದ ಹಾಗೆ ಕೇಳಿಸುತ್ತಿದೆ. ಸರಿಮಾಡಬಹುದೇ?

ಪಾಠದ_ದನಿ

ಎಲ್ಲರಿಗೂ ನಮಸ್ಕಾರ. ವ್ಯಾಕರಣದ ಪಾಠಗಳನ್ನು ಕೇಳುವ ರೂಪದಲ್ಲಿ ಮಾಡುತ್ತಿದ್ದೇನೆ. ಒಂದೊಂದು ಪಾಠ ಸುಮಾರು 20 ನಿಮಿಷ, ಇದುವರೆಗೆ 14 ಆಗಿವೆ. ರೆಕಾರ್ಡ್ ಮಾಡಿದ್ದು ಒಂದು ಖಾಲಿ ಕೋಣೆಯಲ್ಲಿ. 6 ಮೀಟರ್ ಉದ್ದ, 4 ಅಗಲ, 3 ಎತ್ತರ. ನೆಲಕ್ಕೆ ಟೈಲ್ಸು, ಗೋಡೆಗೆ ಬರೀ ಗಾರೆ, ಎರಡು ಗಾಜಿನ ಕಿಟಕಿ. ಒಂದು ಮೇಜು ಬಿಟ್ಟರೆ ಒಳಗೆ ಏನೂ ಇಲ್ಲ. ಸದ್ದುಗದ್ದಲ ಇಲ್ಲದ ಜಾಗ ಅಂತಲೇ ಅದನ್ನು ಆರಿಸಿಕೊಂಡೆ. ಫೋನನ್ನು ಸ್ಟ್ಯಾಂಡಿಗೆ ಹಾಕಿ ನನ್ನಿಂದ 2 ಮೀಟರ್ ದೂರ ಇಟ್ಟು, ನಿಂತುಕೊಂಡು ಪಾಠ ಹೇಳಿದೆ.

ಹೇಳುವಾಗ ಏನೂ ಗೊತ್ತಾಗಲಿಲ್ಲ. ಕೇಳಿದರೆ ಪ್ರತಿ ಮಾತಿನ ಹಿಂದೆಯೂ ಗೊಂಯ್ ಅಂತ ಬಾಲ. ಹ್ರಸ್ವ-ದೀರ್ಘದ ಪಾಠ ಕೇಳಿದ ಒಬ್ಬ ವಿದ್ಯಾರ್ಥಿನಿ, "ನೀವು ಬಳೆ ಅಂದಿರೋ ಬಾಳೆ ಅಂದಿರೋ ತಿಳಿಯಲಿಲ್ಲ" ಎಂದು ಬರೆದಳು. ಆ ಪಾಠಕ್ಕೆ ಇನ್ನೇನು ಉಳಿಯಿತು ಹೇಳಿ. ತುಂಬಾ ಬೇಜಾರಾಯಿತು.

ಆಡಾಸಿಟಿಯಲ್ಲಿ Noise Reduction ಮೂರು ಸಲ ಹಾಕಿದೆ. ಬಾಲ ಹೋಗಲಿಲ್ಲ, ಜೊತೆಗೆ ನೀರೊಳಗೆ ಮಾತಾಡಿದ ಹಾಗೆ ಆಯಿತು. ನನಗೆ ಎರಡು ವಿಷಯ ತಿಳಿಯಬೇಕು. ಈ 14 ಪಾಠಗಳನ್ನು ಉಳಿಸಿಕೊಳ್ಳಬಹುದೇ? 15ನೆಯದನ್ನು ಹೇಗೆ ರೆಕಾರ್ಡ್ ಮಾಡಲಿ?

ನೀಲಿಗೆರೆ

ಗೋಡೆಗೆಲ್ಲ ಫೋಮ್ ಅಂಟಿಸಿಬಿಡಿ. ಸ್ಟುಡಿಯೊಗಳಲ್ಲಿ ಇರುತ್ತಲ್ಲ, ಹಲ್ಲು ಹಲ್ಲಿನ ಕಪ್ಪು ಫೋಮು, ಅದೇ. ಅದು ಆಗದಿದ್ದರೆ ಮೊಟ್ಟೆ ಟ್ರೇ. ಕೆಲಸ ಒಂದೇ.

ಮಳೆಬಿಲ್ಲು

ಕಿಟಕಿಗೆ ಪರದೆ ಹಾಕಿ ನೋಡಿ ಮೊದಲು.

ಸಭಾಂಗಣ_ಸಂಜೆ

ನಮ್ಮ ಹಾಲಿನಲ್ಲೂ ಇದೇ ತೊಂದರೆ. ಭಾಷಣಕಾರರು ಮೈಕ್ ಹತ್ತಿರ ಹೋದರೆ ಸಾಕು, ಕೂಂಯ್ ಅಂತ ಕಿರುಚುತ್ತದೆ. ಸ್ಪೀಕರ್ ಡಬ್ಬಗಳನ್ನು ಮೈಕಿಗಿಂತ ಮುಂದಕ್ಕೆ ತಂದು, ಜನರ ಕಡೆ ತಿರುಗಿಸಿದ ಮೇಲೆ ಸರಿಹೋಯಿತು. ನೀವೂ ಸ್ಪೀಕರ್ ಜಾಗ ಬದಲಿಸಿ ನೋಡಿ.

ಬೂಮ್‌ಕೋಲು

@ಸಭಾಂಗಣ_ಸಂಜೆ ನೀವು ಹೇಳುತ್ತಿರುವುದು ಬೇರೆ ರೋಗ. ಸ್ಪೀಕರಿನ ದನಿ ಮತ್ತೆ ಮೈಕಿಗೆ ಹೋಗಿ ಸುತ್ತು ಹೊಡೆದಾಗ ಆ ಕೂಗು ಬರುತ್ತದೆ. ಇವರ ಕೋಣೆಯಲ್ಲಿ ಸ್ಪೀಕರೇ ಇಲ್ಲ.

@ಪಾಠದ_ದನಿ ಶೂಟಿಂಗ್ ಜಾಗದಲ್ಲಿ ಮಾತು ಹಿಡಿಯುವುದು ನನ್ನ ಕೆಲಸ. ಖಾಲಿ ಮನೆ, ಖಾಲಿ ಗೋದಾಮುಗಳಲ್ಲಿ ಈ ಗೊಂಯ್ ಜೊತೆ ಬಹಳ ವರ್ಷ ಗುದ್ದಾಡಿದ್ದೇನೆ. ನಿಮ್ಮ ಮೊದಲ ಶತ್ರು ಗೋಡೆಯಲ್ಲ, ಆ 2 ಮೀಟರ್.

ಮೈಕಿಗೆ ಎರಡು ದಾರಿಯಲ್ಲಿ ನಿಮ್ಮ ದನಿ ಬರುತ್ತದೆ. ಒಂದು ಬಾಯಿಂದ ನೇರವಾಗಿ. ಇನ್ನೊಂದು ಗೋಡೆ, ನೆಲ, ಚಾವಣಿಗೆ ಬಡಿದು ಕೋಣೆಯೆಲ್ಲ ತುಂಬಿಕೊಂಡು. ನೇರ ದನಿ ದೂರ ಹೋದಂತೆ ಸೊರಗುತ್ತದೆ, ದೂರ ಅರ್ಧ ಮಾಡಿದರೆ 6 ಡೆಸಿಬೆಲ್ ಏರುತ್ತದೆ. ಕೋಣೆ ತುಂಬಿದ ದನಿ ಹಾಗಲ್ಲ, ಮೈಕ್ ಎಲ್ಲಿಟ್ಟರೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಈಗ ಲೆಕ್ಕ ಹಾಕಿ. 2 ಮೀಟರಿನಿಂದ 1 ಮೀಟರಿಗೆ ಬಂದರೆ 6, ಅರ್ಧ ಮೀಟರಿಗೆ 12, ಕಾಲು ಮೀಟರಿಗೆ 18. ಒಂದು ಗೇಣಿಗಿಂತ ಸ್ವಲ್ಪ ಹತ್ತಿರ ಬಂದರೆ 22-23 ಡೆಸಿಬೆಲ್. ಗೋಡೆ ಮುಟ್ಟದೆ, ಫೋನನ್ನು ಹತ್ತಿರ ತಂದಿದ್ದಕ್ಕೇ ಇಷ್ಟು. ಯಾವ ಫೋಮೂ ಇದನ್ನು ಕೊಡುವುದಿಲ್ಲ.

ನಿಮಗೆ ಹೇಳುವಾಗ ಗೊತ್ತಾಗಲಿಲ್ಲ ಅಂದಿರಿ, ಅದು ಎಲ್ಲರಿಗೂ ಹಾಗೆಯೇ. ನಮಗೆ ಎರಡು ಕಿವಿ ಇವೆ, ನೇರ ದನಿ ಯಾವ ದಿಕ್ಕಿನಿಂದ ಬಂತು, ಬಡಿದ ದನಿ ಯಾವ ದಿಕ್ಕಿನಿಂದ ಬಂತು ಎಂದು ಮೆದುಳು ಬೇರ್ಪಡಿಸಿಕೊಳ್ಳುತ್ತದೆ. ಒಂದೇ ಮೈಕ್ ಆ ದಿಕ್ಕುಗಳನ್ನೆಲ್ಲ ಒಟ್ಟು ಸೇರಿಸಿಬಿಡುತ್ತದೆ. ಒಂದು ಕಿವಿ ಮುಚ್ಚಿಕೊಂಡು ಆ ಕೋಣೆಯಲ್ಲಿ ಯಾರಾದರೂ ಮಾತಾಡುವುದನ್ನು ಕೇಳಿ, ಗೊಂಯ್ ಹೆಚ್ಚಾದದ್ದು ತಕ್ಷಣ ಗೊತ್ತಾಗುತ್ತದೆ.

ನೀಲಿಗೆರೆ

ಹತ್ತಿರ ಬಂದರೆ ಒಳ್ಳೆಯದು, ಒಪ್ಪಿದೆ. ಆದರೆ ಫೋಮು ಕೆಲಸಕ್ಕೆ ಬರಲ್ಲ ಅನ್ನೋದು ತಪ್ಪು ಸರ್. ನಾನೇ ಹಾಕಿದ್ದೀನಿ, ಚಪ್ಪಾಳೆ ತಟ್ಟಿದರೆ ಬರುತ್ತಿದ್ದ ಝಿಂಗ್ ಶಬ್ದ ಪೂರ್ತಿ ನಿಂತಿತು.

ಬೂಮ್‌ಕೋಲು

ಝಿಂಗ್ ನಿಂತಿದ್ದು ನಿಜವೇ ಇರಬೇಕು. ಎದುರುಬದುರು ಗೋಡೆಗಳ ನಡುವೆ ದನಿ ಚೆಂಡಿನ ಹಾಗೆ ಪುಟಿಯುತ್ತಿರುತ್ತದೆ, ಒಂದು ಗೋಡೆ ಮೆತ್ತಗಾದರೂ ಅದು ನಿಲ್ಲುತ್ತದೆ. ಫೋಮು ಅದಕ್ಕೆ ಆಗುತ್ತದೆ. ಆದರೆ ಒಂದು ಅಂಗುಲದ ಫೋಮು ನುಂಗುವುದು ಸ, ಶ, ಚ ಇರುವ ಎತ್ತರದ ಭಾಗವನ್ನು ಮಾತ್ರ. ಮನುಷ್ಯನ ದನಿಯ ಒಡಲು 150ರಿಂದ 500 ಹರ್ಟ್ಸ್‌ನಲ್ಲಿದೆ, ಅಲ್ಲಿನ ಅಲೆಗೆ ಆ ಫೋಮು ಇದ್ದೂ ಇಲ್ಲದ ಹಾಗೆ. ಗೋಡೆಗೆಲ್ಲ ಅಂಟಿಸಿದರೆ ಚುರುಕು ಹೋಗಿ ಬರೀ ಗುಂಯ್ ಉಳಿಯುತ್ತದೆ. ಡಬ್ಬದೊಳಗೆ ಮಾತಾಡಿದಂತೆ.

ಮೊಟ್ಟೆ ಟ್ರೇ ಮಾತ್ರ ದಯವಿಟ್ಟು ಬೇಡ. ತೆಳು ರಟ್ಟು ದನಿಯನ್ನು ನೆಚ್ಚುವಷ್ಟು ಹೀರುವುದಿಲ್ಲ, ಬೆಂಕಿಯನ್ನು ಮಾತ್ರ ಚೆನ್ನಾಗಿ ಹಿಡಿಯುತ್ತದೆ. ವಿದ್ಯುತ್ ತಂತಿ ಇರುವ ಗೋಡೆಗೆ ಅದನ್ನು ಅಂಟಿಸುವುದು ಅಪಾಯ.

ತಂತಿಮೀಟು

ನಾನು ಹಾಡುವವನು. ನನಗೆ ಇಂಥ ಕೋಣೆ ಸಿಕ್ಕರೆ ಬಿಡಲ್ಲ. ಆಲಾಪ ಅಲ್ಲಿ ಎಷ್ಟು ತುಂಬಿ ಬರುತ್ತೆ! ಮೆಟ್ಟಿಲ ಸಂದಿಯಲ್ಲಿ ನಿಂತು ಹಾಡಿ ರೆಕಾರ್ಡ್ ಮಾಡಿದ್ದೂ ಇದೆ. ಇದನ್ನು ತೊಂದರೆ ಅಂತ ಯಾಕೆ ನೋಡ್ತೀರಿ?

ಪಾಠದ_ದನಿ

@ತಂತಿಮೀಟು ಹಾಡಿಗೆ ಇರಬಹುದು. ಒಂದು ಸ್ವರ ಇನ್ನೊಂದಕ್ಕೆ ಅಂಟಿಕೊಂಡರೆ ನಿಮಗೆ ಚೆಂದ. ನನಗೆ ಒಂದು ಅಕ್ಷರದ ಬಾಲ ಮುಂದಿನ ಅಕ್ಷರದ ಮೇಲೆ ಬಿದ್ದರೆ ಪಾಠವೇ ಕೆಟ್ಟಿತು. ಬಳೆಯ ಬ-ಕಾರದ ಬಾಲ ಉದ್ದವಾಗಿ ಬಾಳೆ ಆಗಿಬಿಡುತ್ತದೆ.

ಅಜ್ಜನ_ರೇಡಿಯೊ

ತಂಗೀ, ನಿನ್ನ ಮಾತು ಸರಿ. ನಾನು ರೇಡಿಯೊದಲ್ಲಿ ಮಾತಿನ ಕಾರ್ಯಕ್ರಮಗಳ ಧ್ವನಿಮುದ್ರಣ ಮಾಡುತ್ತಿದ್ದವನು. ಕನ್ನಡದಲ್ಲಿ ಹೆಚ್ಚಿನ ಮಾತು ಸ್ವರದಲ್ಲೇ ಮುಗಿಯುತ್ತದೆ. ಸ್ವರಕ್ಕೆ ಶಕ್ತಿ ಜಾಸ್ತಿ, ಅದರ ಬಾಲವೂ ಉದ್ದ. ಅದರ ಮೇಲೆ ಬರುವ ವ್ಯಂಜನ ದುರ್ಬಲ, ಬಾಲದಡಿ ಮುಚ್ಚಿಹೋಗುತ್ತದೆ.

ಈ ವಿದ್ಯೆಗೆ ಲೆಕ್ಕ ಕೊಟ್ಟವರು ವ್ಯಾಲೇಸ್ ಸೇಬೈನ್. 1895ರಲ್ಲಿ ಹಾರ್ವರ್ಡ್‌ನ ಫಾಗ್ ಮ್ಯೂಸಿಯಂನ ಹೊಸ ಉಪನ್ಯಾಸ ಕೋಣೆಯಲ್ಲಿ ಮಾತೇ ಅರ್ಥವಾಗುತ್ತಿರಲಿಲ್ಲ. ಒಂದು ಮಾತು ಆಡಿದರೆ ಐದೂವರೆ ಸೆಕೆಂಡು ಕೇಳಿಸುತ್ತಿತ್ತು. ಅಷ್ಟರಲ್ಲಿ ಉಪನ್ಯಾಸಕರು ಇನ್ನೂ ಹತ್ತಾರು ಮಾತು ಆಡಿರುತ್ತಿದ್ದರು. ಸೇಬೈನ್ ಪಕ್ಕದ ಸ್ಯಾಂಡರ್ಸ್ ಥಿಯೇಟರಿನ ಕುರ್ಚಿ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು ಹರಡಿ, ಒಂದು ಆರ್ಗನ್ ಕೊಳವೆ ಊದಿಸಿ, ಸದ್ದು ಅಡಗುವ ಹೊತ್ತನ್ನು ಅಳೆಯುತ್ತಿದ್ದರು. ಮೆತ್ತೆ ಹೆಚ್ಚಿಸಿದಷ್ಟೂ ಹೊತ್ತು ಇಳಿಯಿತು. ಅಳತೆಗೆ ಬಳಸಿದ್ದು ಬರೀ ಕಿವಿ ಮತ್ತು ಹೊತ್ತು ಅಳೆಯುವ ಯಂತ್ರ.

ಅವರ ಮೆತ್ತೆಯ ಕೆಲಸ ನಿನ್ನ ಮನೆಯ ರಜಾಯಿಯೂ ಮಾಡುತ್ತದೆ.

ಅಂಕಿಸಾಲು

ಸೇಬೈನ್ ಸೂತ್ರ ಹಾಕಿ ನೋಡೋಣ. ಹೊತ್ತು = 0.161 × ಕೋಣೆಯ ಘನ ಅಳತೆ ÷ ಒಟ್ಟು ಹೀರಿಕೆ. ನಿಮ್ಮ ಕೋಣೆ 72 ಘನ ಮೀಟರ್. ಗೋಡೆ, ನೆಲ, ಚಾವಣಿ ಎಲ್ಲ ಸೇರಿ 108 ಚದರ ಮೀಟರ್. ಗಾರೆ, ಟೈಲ್ಸು, ಗಾಜು ಸರಾಸರಿ ನೂರಕ್ಕೆ 4 ಭಾಗ ಹೀರುತ್ತವೆ ಅಂತಿಟ್ಟುಕೊಳ್ಳಿ, ಹೀರಿಕೆ 4.3. ಉತ್ತರ 2.7 ಸೆಕೆಂಡು.

ಈಗ 2 ಮೀಟರ್ × 1.5 ಮೀಟರಿನ ನಾಲ್ಕು ದಪ್ಪ ರಜಾಯಿ ತೂಗುಹಾಕಿ. 12 ಚದರ ಮೀಟರ್, ಅರ್ಧದಷ್ಟು ಹೀರಿದರೂ 6 ಸೇರಿತು. 10.3ಕ್ಕೆ ಏರಿದ ಮೇಲೆ ಹೊತ್ತು 1.1 ಸೆಕೆಂಡಿಗೆ ಇಳಿಯಿತು. ನಾಲ್ಕೇ ರಜಾಯಿಗೆ ಅರ್ಧಕ್ಕಿಂತ ಕಡಿಮೆ!

ನೀಲಿಗೆರೆ

ಹಾಗಾದರೆ ಎಂಟು ಹಾಕಿದರೆ ಅರ್ಧ ಸೆಕೆಂಡು. ಮುಗೀತಲ್ಲ.

ಅಂಕಿಸಾಲು

ಇಲ್ಲ, ಎಂಟಕ್ಕೆ 16.3 ಆಗುತ್ತೆ, ಹೊತ್ತು 0.7. ಪ್ರತಿ ರಜಾಯಿಯ ಲಾಭ ಹಿಂದಿನದಕ್ಕಿಂತ ಕಡಿಮೆ. ಸ್ಟುಡಿಯೊ ಹಾಗೆ 0.3 ಬೇಕಾದರೆ 39ರಷ್ಟು ಹೀರಿಕೆ ಬೇಕು, ಇಪ್ಪತ್ತಮೂರು ರಜಾಯಿ. ಅದಕ್ಕೇ ಬೂಮ್‌ಕೋಲು ಸರ್ ಹೇಳಿದ ದೂರವೇ ಮೊದಲು.

ಬೂಮ್‌ಕೋಲು

ಲೆಕ್ಕ ಸರಿಯಿದೆ, ಒಂದು ಎಚ್ಚರಿಕೆ ಸೇರಿಸುತ್ತೇನೆ. ಆ ಸೂತ್ರ ದನಿ ಕೋಣೆಯ ಎಲ್ಲ ಕಡೆ ಸಮನಾಗಿ ಹರಡಿದೆ ಅಂದುಕೊಳ್ಳುತ್ತದೆ. ನಾಲ್ಕೂ ರಜಾಯಿ ಒಂದೇ ಗೋಡೆಗೆ ಹಾಕಿದರೆ ಉಳಿದ ಗೋಡೆಗಳ ನಡುವೆ ದನಿ ಓಡಾಡುತ್ತಲೇ ಇರುತ್ತದೆ, ಲೆಕ್ಕದಷ್ಟು ಇಳಿಯುವುದಿಲ್ಲ. ಇನ್ನು ಕೆಳಗಿನ ಸ್ವರಗಳನ್ನು ರಜಾಯಿ ಅರ್ಧದಷ್ಟೂ ಹೀರಲಾರದು.

ರಜಾಯಿಯನ್ನು ಗೋಡೆಗೆ ಒತ್ತಿ ಹಾಕಬೇಡಿ. ಗೋಡೆಗೆ ತಾಗಿದ ಗಾಳಿ ಅಲುಗುವುದೇ ಇಲ್ಲ, ಅಲುಗದ ಗಾಳಿಯಿಂದ ಬಟ್ಟೆ ಏನನ್ನೂ ಹೀರಲಾರದು. ಒಂದು ಗೇಣು ಮುಂದೆ ತೂಗುಹಾಕಿದರೆ ಅದೇ ರಜಾಯಿ ಇನ್ನೂ ಕೆಳಗಿನ ಸ್ವರಗಳನ್ನೂ ಹಿಡಿಯುತ್ತದೆ. ಬಟ್ಟೆ ಒಣಹಾಕುವ ಸ್ಟ್ಯಾಂಡ್ ಮೇಲೆ ಇಳಿಬಿಟ್ಟರೆ ಸಾಕು.

ಎಲ್ಲಿ ಹಾಕಬೇಕು ಅನ್ನುವುದರಲ್ಲಿ ಹೆಚ್ಚಿನವರು ಎಡವುತ್ತಾರೆ. ಮೈಕ್ ಹಿಂದೆ ಹಾಕುತ್ತಾರೆ. ಒಂದೇ ಕಡೆಯಿಂದ ಕೇಳುವ ಕಾರ್ಡಿಯಾಯ್ಡ್ ಮೈಕ್ ಇದ್ದರೆ ಅದು ಹಿಂದಿನದನ್ನು ಹೇಗೂ ಕಡಿಮೆ ಕೇಳುತ್ತದೆ. ಅದು ನೋಡುತ್ತಿರುವುದು ನಿಮ್ಮ ಮುಖವನ್ನು, ಮುಖದ ಹಿಂದಿನ ಗೋಡೆಯನ್ನು. ಹಾಗಾಗಿ ಮೊದಲ ರಜಾಯಿ ನಿಮ್ಮ ಬೆನ್ನ ಹಿಂದೆ. ಎರಡನೆಯದು ಮತ್ತು ಮೂರನೆಯದು ಎರಡು ಪಕ್ಕಕ್ಕೆ. ನಾಲ್ಕನೆಯದು ನೆಲಕ್ಕೆ ಅಥವಾ ಮೇಜಿಗೆ.

ಅಜ್ಜನ_ರೇಡಿಯೊ

ಫೋನಿನ ಮೈಕ್ ಎಲ್ಲ ಕಡೆಯಿಂದಲೂ ಕೇಳುವಂಥದ್ದಲ್ಲವೇ? ಆಗ ಬೆನ್ನ ಹಿಂದಿನ ನಿಯಮ ಅಷ್ಟು ಗಟ್ಟಿಯಲ್ಲ. ನಮ್ಮ ಬಾಯಿ ಮುಂದಕ್ಕೆ ದನಿ ಎಸೆಯುತ್ತದೆ, ಮುಂದಿನ ಗೋಡೆಗೇ ಹೆಚ್ಚು ಬಡಿಯುತ್ತದೆ.

ಬೂಮ್‌ಕೋಲು

ಒಪ್ಪಿದೆ ಸರ್. ಬರೀ ಫೋನಾದರೆ ಮುಂದೊಂದು, ಹಿಂದೊಂದು. ಇದರಲ್ಲಿ ನಿಮ್ಮ ಮಾತೇ ಸರಿ.

ಮಳೆಬಿಲ್ಲು

ಕಾಲರ್ ಮೈಕ್ ಸಾಕಲ್ವಾ? ಬಾಯಿಂದ ಒಂದು ಗೇಣು ದೂರ ಅಷ್ಟೇ.

ಬೂಮ್‌ಕೋಲು

ಸಾಕು. ನಿಂತು ಪಾಠ ಹೇಳುವವರಿಗೆ ಅದೇ ಅನುಕೂಲ. ತಲೆ ಆಡಿಸಿದರೂ ದೂರ ಹೆಚ್ಚು ಬದಲಾಗುವುದಿಲ್ಲ. ಸೆರಗು, ಶಾಲು ಉಜ್ಜದಂತೆ ನೋಡಿಕೊಳ್ಳಬೇಕು, ಆ ಸದ್ದನ್ನು ಆಮೇಲೆ ತೆಗೆಯಲು ಬರುವುದಿಲ್ಲ.

ಪಾಠದ_ದನಿ

ಎಲ್ಲರಿಗೂ ಧನ್ಯವಾದ. ನಿನ್ನೆ ಸಂಜೆ ಮಾಡಿ ನೋಡಿದೆ. ಒಂದೇ ಸಾಲನ್ನು, "ಬಳೆ ಬಾಳೆ, ಕಲೆ ಕಾಲೆ, ಮಾಡಿದೆ ಮಾಡಿದೆವು" ಎಂದು ನಾಲ್ಕು ರೀತಿ ರೆಕಾರ್ಡ್ ಮಾಡಿದೆ.

ಮೊದಲು 2 ಮೀಟರ್, ಏನೂ ಹಾಕದೆ. ಹಳೆಯ ಬಾವಿ. ಎರಡನೆಯದು 2 ಮೀಟರ್, ಮೂರು ರಜಾಯಿ ಹಾಕಿ. ಬಾಲ ಗಿಡ್ಡವಾಯಿತು, ಆದರೂ ದೂರದಿಂದ ಮಾತಾಡಿದಂತೆಯೇ. ಮೂರನೆಯದು ರಜಾಯಿ ಇಲ್ಲದೆ, ಫೋನು ಬಾಯಿಂದ 15 ಸೆಂಟಿಮೀಟರ್. ಬೆರಗಾಯಿತು! ಎರಡನೆಯದಕ್ಕಿಂತ ಎಷ್ಟೋ ಸ್ಪಷ್ಟ. ಬಾಲ ಇತ್ತು, ಆದರೆ ಮಾತಿನ ಕೆಳಗೆ ಇತ್ತು. ನಾಲ್ಕನೆಯದು ಎರಡೂ ಸೇರಿಸಿ. ಅದು ಪಾಠಕ್ಕೆ ಆಗುವಂಥದ್ದು.

ಹೊಸ ತೊಂದರೆಗಳು ಎರಡು. ಫ, ಭ, ಖ ಬಂದಲ್ಲೆಲ್ಲ ದಬ್ ದಬ್ ಅಂತ ಗಾಳಿ ಹೊಡೆಯುತ್ತದೆ. ಮಹಾಪ್ರಾಣದ ಪಾಠ ಮುಂದಿನದೇ ಇದೆ! ಇನ್ನೊಂದು, ಫೋನನ್ನು ಮೇಜಿನ ಮೇಲೆ ಪುಟ್ಟ ಸ್ಟ್ಯಾಂಡಿನಲ್ಲಿ ಇಟ್ಟಾಗ ದನಿ ಕೊಳವೆಯೊಳಗೆ ಹೋದಂತೆ ಟೊಳ್ಳಾಗಿದೆ. ಕೈಯಲ್ಲಿ ಹಿಡಿದರೆ ಹಾಗಿಲ್ಲ.

ಅಜ್ಜನ_ರೇಡಿಯೊ

ಟೊಳ್ಳಿಗೆ ಕಾರಣ ಮೇಜು. ನೇರ ದನಿಯ ಬೆನ್ನಿಗೇ ಮೇಜಿಗೆ ಬಡಿದ ದನಿಯೂ ಮೈಕಿಗೆ ಬರುತ್ತದೆ, ಒಂದು ಮಿಲಿಸೆಕೆಂಡಿನಷ್ಟೇ ತಡವಾಗಿ. ಎರಡೂ ಸೇರಿದಾಗ ಕೆಲವು ಸ್ವರಗಳು ಒಂದನ್ನೊಂದು ಕೊಂದುಕೊಳ್ಳುತ್ತವೆ. ಮೇಜಿನ ಮೇಲೆ ದಪ್ಪ ಟವೆಲನ್ನು ನಾಲ್ಕು ಮಡಿಕೆ ಮಾಡಿ ಹಾಸು. ಓದುವ ಕಾಗದವನ್ನು ಮೈಕಿನ ಹಿಂದೆ ನೆಟ್ಟಗೆ ಹಿಡಿಯಬೇಡ, ಅದೂ ಒಂದು ಪುಟ್ಟ ಗೋಡೆಯೇ.

ಮಹಾಪ್ರಾಣಕ್ಕೆ ಮೈಕನ್ನು ಬಾಯಿಯ ನೇರಕ್ಕೆ ಇಡದೆ ಬಾಯಿಯ ಅಂಚಿನ ಕಡೆಗೆ ಸರಿಸು. ಉಸಿರು ನೇರ ಹೋಗುತ್ತದೆ, ದನಿ ಎಲ್ಲ ಕಡೆ ಹರಡುತ್ತದೆ. ಬಾಯಿಯ ಮುಂದೆ ಅಂಗೈ ಹಿಡಿದು ಭ ಅನ್ನು. ಗಾಳಿ ತಾಕದ ಜಾಗ ಸಿಗುವವರೆಗೆ ಕೈ ಸರಿಸು. ಅಲ್ಲಿ ಮೈಕ್ ಇಡು.

ಪಾಠದ_ದನಿ

ಅಂಗೈ ಉಪಾಯ ಈಗಲೇ ಮಾಡಿದೆ. ಗಲ್ಲದ ಪಕ್ಕ, ಬಾಯಿಗೆ ಓರೆಯಾಗಿ ಒಂದು ಜಾಗ ಸಿಕ್ಕಿತು. ದಬ್ ಹೋಯಿತು. ಮಹಾಪ್ರಾಣಗಳು ಮಹಾಪ್ರಾಣಗಳಾಗಿಯೇ ಕೇಳುತ್ತವೆ. ಬಹಳ ಸಂತೋಷ ಸರ್.

ನೀಲಿಗೆರೆ

ಹಳೆ 14 ಪಾಠದ ಬಗ್ಗೆ ಯಾರೂ ಹೇಳಲೇ ಇಲ್ಲ. Noise Reduction ಸರಿಯಾಗಿ ಹಾಕಿದರೆ ಹೋಗುತ್ತೆ. ಮಾತಿಲ್ಲದ ಜಾಗ ಆರಿಸಿ Get Noise Profile ಒತ್ತಬೇಕು, ಅದನ್ನು ನೀವು ಮಾಡಿಲ್ಲ ಅನ್ಸುತ್ತೆ.

ಪಾಠದ_ದನಿ

ಮಾಡಿದ್ದೆ. ಪ್ರತಿ ಸಲವೂ.

ಅಂಕಿಸಾಲು

@ನೀಲಿಗೆರೆ ಅಲ್ಲೇ ಇದೆ ವಿಷಯ. ಮಾತಿಲ್ಲದ ಜಾಗದಲ್ಲಿ ಇರೋದು ಫ್ಯಾನಿನ ಗುರ್, ಮೈಕಿನ ಸುಂಯ್. ಅದು ಸದಾ ಒಂದೇ ಥರ ಇರುತ್ತೆ, ಅದಕ್ಕೇ ಅದರ ಅಚ್ಚು ತೆಗೆದು ಕಳೆಯಬಹುದು. ಗೊಂಯ್ ಹಾಗಲ್ಲ, ಅದು ಅವರದೇ ಮಾತು, ಸ್ವಲ್ಪ ತಡವಾಗಿ ಬಂದಿರೋದು. ಮಾತು ನಿಂತು ಮೂರು ಸೆಕೆಂಡಾದ ಮೇಲೆ ಅಲ್ಲಿ ಅದು ಇರೋದೇ ಇಲ್ಲ. ಅಚ್ಚಿನಲ್ಲಿ ಇಲ್ಲದ್ದನ್ನು ಹೇಗೆ ಕಳೀತೀರಿ? ಮೂರು ಸಲ ಹಾಕಿದ್ದಕ್ಕೇ ಆ ನೀರೊಳಗಿನ ಗುಳುಗುಳು.

ಮೂಲ ಫೈಲ್ ಇದೆಯಾ ಮೇಡಂ? ಅದರ ಮೇಲೆ ಮಾತ್ರ ಕೆಲಸ ಮಾಡಬೇಕು.

ಪಾಠದ_ದನಿ

11 ಪಾಠಗಳ ಮೂಲ ಇದೆ. ಉಳಿದ ಮೂರು ಪಾಠಗಳ ಮೂಲದ ಮೇಲೆ ಅಳಿಸಿ ಬರೆದುಬಿಟ್ಟಿದ್ದೇನೆ.

ಅಂಕಿಸಾಲು

ಆ ಮೂರು ಮತ್ತೆ ಹೇಳಲೇಬೇಕು. ಉಳಿದ 11ಕ್ಕೆ ಇದನ್ನು ಹಾಕಿ ನೋಡಿ:

```
ffmpeg -i patha01.wav -af "highpass=f=80,equalizer=f=300:t=q:w=1:g=-4,agate=threshold=0.02:ratio=2:attack=5:release=200:range=0.4" patha01_b.wav
```

ಮೊದಲನೆಯದು 80 ಹರ್ಟ್ಸ್‌ಗಿಂತ ಕೆಳಗಿನದನ್ನು ತೆಗೆಯುತ್ತೆ. ಎರಡನೆಯದು ಖಾಲಿ ಕೋಣೆಯ ಗುಂಯ್ ಜಾಸ್ತಿ ಇರೋ 300ರ ಸುತ್ತ 4 ಡೆಸಿಬೆಲ್ ಇಳಿಸುತ್ತೆ. 300 ಅನ್ನೋದು ಊಹೆ, ನಿಮ್ಮ ಫೈಲಿಗೆ 200 ಆಗಬಹುದು, 400 ಆಗಬಹುದು, ಕೇಳಿ ಬದಲಿಸಿ. ಮೂರನೆಯದು ಗೇಟು. ದನಿ threshold ಮಟ್ಟಕ್ಕಿಂತ ಇಳಿದಾಗ, ಅಂದರೆ ಮಾತು ನಿಂತಾಗ, ಬಾಲವನ್ನು ತಗ್ಗಿಸುತ್ತೆ.

ಬೂಮ್‌ಕೋಲು

ಗೇಟಿನ ಬಗ್ಗೆ ನನಗೆ ತಕರಾರಿದೆ. ಅದು ಮಾತುಗಳ ನಡುವಿನ ಬಾಲವನ್ನು ಮಾತ್ರ ಕತ್ತರಿಸುತ್ತದೆ. ಮಾತಿನ ಅಡಿಯಲ್ಲಿರುವ ಗೊಂಯ್ ಹಾಗೆಯೇ ಇರುತ್ತದೆ. ಮಾತಾಡುವಾಗ ದೊಡ್ಡ ಕೋಣೆ, ನಿಲ್ಲಿಸಿದ ಕೂಡಲೇ ಕೋಣೆಯೇ ಮಾಯ. ಕಿವಿಗೆ ಇದು ಹಳೆಯ ಗೊಂಯ್‌ಗಿಂತ ಹೆಚ್ಚು ಕಿರಿಕಿರಿ.

ಅಂಕಿಸಾಲು

ಪೂರ್ತಿ ಮುಚ್ಚಿದರೆ ಹೌದು. ಅದಕ್ಕೇ `range=0.4` ಕೊಟ್ಟಿದ್ದು, 8 ಡೆಸಿಬೆಲ್‌ಗಿಂತ ಹೆಚ್ಚು ತಗ್ಗಿಸಲ್ಲ. ಬಾಲ ಇರುತ್ತೆ, ಮೆಲ್ಲಗಾಗುತ್ತೆ.

ಅಜ್ಜನ_ರೇಡಿಯೊ

ಕನ್ನಡಕ್ಕೆ ಗೇಟು ಹಾಕುವಾಗ ಕೊನೆಯ ಸ್ವರವನ್ನು ಕೇಳಿ ನೋಡಬೇಕು. ವಾಕ್ಯದ ಕೊನೆಗೆ ನಾವು ದನಿ ಇಳಿಸುತ್ತೇವೆ. "ಮಾಡಿದೆವು" ಅನ್ನುವಲ್ಲಿ ವು ಬಹಳ ಮೆಲ್ಲಗೆ ಬರುತ್ತದೆ. ಗೇಟು ಅದನ್ನು ನುಂಗಿದರೆ "ಮಾಡಿದೆ" ಆಗುತ್ತದೆ. ಒಬ್ಬರು ಮಾಡಿದರೋ ಹಲವರು ಮಾಡಿದರೋ ಅನ್ನುವುದೇ ಬದಲಾಯಿತು. ವ್ಯಾಕರಣದ ಪಾಠದಲ್ಲಿ ಇದು ಸಣ್ಣ ವಿಷಯವಲ್ಲ.

ಪಾಠದ_ದನಿ

ಅಜ್ಜನವರು ಹೇಳಿದ್ದೇ ಆಯಿತು! ಮೂರನೆಯ ಪಾಠದಲ್ಲಿ "ಹೋದೆವು" ಎಲ್ಲ "ಹೋದೆ" ಆಗಿದ್ದವು. threshold ಅನ್ನು 0.02ರಿಂದ 0.008ಕ್ಕೆ ಇಳಿಸಿದೆ, ವು ಮರಳಿ ಬಂತು. ಆದರೆ ಬಾಲವೂ ಅರ್ಧ ಮರಳಿ ಬಂತು.

ಬೂಮ್‌ಕೋಲು

ಮೆಲ್ಲಗಿನ ಅಕ್ಷರವೂ ಬಾಲವೂ ಒಂದೇ ಮಟ್ಟದಲ್ಲಿದ್ದರೆ ಗೇಟಿಗೆ ಎರಡೂ ಒಂದೇ. 2 ಮೀಟರ್ ದೂರದ ರೆಕಾರ್ಡಿಂಗಿನಲ್ಲಿ ಅವು ಒಂದೇ ಮಟ್ಟದಲ್ಲೇ ಇರುತ್ತವೆ.

ಇನ್ನೊಂದು ನೋಡಿ. ಫೋನು ತಾನೇ ದನಿ ಏರಿಸಿ ಇಳಿಸುತ್ತಿತ್ತೇ? ನೀವು ಮಾತು ನಿಲ್ಲಿಸಿದಾಗ ಬಾಲ ಕುಗ್ಗುವ ಬದಲು ಉಬ್ಬಿದಂತೆ ಕೇಳಿದರೆ ಅದೇ ಕಾರಣ. ಸದ್ದು ಕಡಿಮೆಯಾಯಿತೆಂದು ಅದು ಮಟ್ಟ ಏರಿಸುತ್ತದೆ, ಬಾಲವನ್ನೂ ಎತ್ತಿಕೊಂಡು ಬರುತ್ತದೆ. ಮುಂದೆ ಮಟ್ಟವನ್ನು ಕೈಯಿಂದ ಇಡಲು ಬಿಡುವ ರೆಕಾರ್ಡಿಂಗ್ ಆಪ್ ಬಳಸಿ. ರೆಕಾರ್ಡ್ ಆದ ಮೇಲೆ ಕಂಪ್ರೆಸರ್ ಹಾಕುವ ಆಸೆಯನ್ನೂ ತಡೆಯಿರಿ, ಅದು ಮಾಡುವುದೂ ಇದನ್ನೇ.

ಪಾಠದ_ದನಿ

ಹೌದು, ಉಬ್ಬುತ್ತದೆ. ವಾಕ್ಯ ಮುಗಿದ ಅರ್ಧ ಸೆಕೆಂಡಿಗೆ. ನಾನು ಅದನ್ನು ಕೋಣೆಯ ದೋಷ ಅಂದುಕೊಂಡಿದ್ದೆ.

ಅಂಕಿಸಾಲು

ಇನ್ನೊಂದು ದಾರಿ ಇದೆ, ಡಬ್ಲ್ಯುಪಿಇ. ಜಪಾನಿನ ಎನ್‌ಟಿಟಿಯ ಸಂಶೋಧಕರು 2010ರಲ್ಲಿ ಪ್ರಕಟಿಸಿದ ವಿಧಾನ. ಈಗಿನ ಕ್ಷಣದ ದನಿಯಲ್ಲಿ ಎಷ್ಟು ಭಾಗ ಹಿಂದಿನ ಕ್ಷಣಗಳ ದನಿಯಿಂದ ಬಂದಿರಬಹುದು ಅಂತ ಲೆಕ್ಕ ಹಾಕಿ ಅಷ್ಟನ್ನು ಕಳೆಯುತ್ತೆ. ಗೇಟಿನ ಹಾಗೆ ಮಟ್ಟ ನೋಡಲ್ಲ, ಅದಕ್ಕೇ ಮಾತಿನ ಅಡಿಯ ಗೊಂಯ್‌ನ ಮೇಲೂ ಕೆಲಸ ಮಾಡುತ್ತೆ. ಪೈಥಾನ್‌ನಲ್ಲಿ `nara_wpe` ಅಂತ ಸಿಗುತ್ತೆ:

```
from nara_wpe.wpe import wpe
from nara_wpe.utils import stft, istft

Y = stft(y, size=512, shift=128).transpose(2, 0, 1)
Z = wpe(Y, taps=10, delay=3, iterations=5)
z = istft(Z.transpose(1, 2, 0), size=512, shift=128)
```

`y` ಅನ್ನೋದು ಚಾನೆಲ್ × ಸ್ಯಾಂಪಲ್ ರೂಪದಲ್ಲಿರಬೇಕು, 16 ಕಿಲೋಹರ್ಟ್ಸ್. 20 ನಿಮಿಷದ ಫೈಲ್ ಒಟ್ಟಿಗೆ ಕೊಟ್ಟರೆ ಮೆಮೊರಿ ಸಾಲಲ್ಲ, ಒಂದೊಂದು ನಿಮಿಷದ ತುಂಡು ಮಾಡಿ. ಮುಖ್ಯವಾಗಿ, ಇದನ್ನು ಎಲ್ಲಕ್ಕಿಂತ ಮೊದಲು ಹಾಕಬೇಕು. ಗೇಟು, Noise Reduction ಹಾಕಿದ ಮೇಲೆ ಹಿಂದಿನ ದನಿಗೂ ಈಗಿನದಕ್ಕೂ ಇದ್ದ ನಂಟು ಕೆಟ್ಟಿರುತ್ತೆ, ಲೆಕ್ಕ ಹೊಂದಲ್ಲ.

ಬೂಮ್‌ಕೋಲು

ಎರಡು-ನಾಲ್ಕು ಮೈಕಿನ ರೆಕಾರ್ಡಿಂಗಿಗೆ ಅದು ಚೆನ್ನಾಗಿ ಕೆಲಸ ಮಾಡುವುದನ್ನು ಕೇಳಿದ್ದೇನೆ. ಒಂದೇ ಮೈಕಿನದಕ್ಕೆ ಅಷ್ಟಕ್ಕಷ್ಟೇ. ಅದೂ ಅಲ್ಲದೆ ಫೋನು ಮಟ್ಟ ಏರಿಳಿಸಿದ್ದರೆ ನೀವೇ ಹೇಳಿದ ಆ ನಂಟು ರೆಕಾರ್ಡ್ ಆಗುವಾಗಲೇ ಕೆಟ್ಟಿದೆಯಲ್ಲ?

ಅಂಕಿಸಾಲು

ಅದು ನಿಜ, ಸ್ವಲ್ಪ ಕೆಟ್ಟಿರುತ್ತೆ. ಆದರೂ ಪ್ರಯತ್ನಕ್ಕೆ ನಷ್ಟ ಇಲ್ಲ. ಮೇಡಂ ಒಂದು ನಿಮಿಷದ ತುಂಡು ಕಳಿಸಿದರೆ ನಾನೇ ಮಾಡಿ ಕೊಡ್ತೀನಿ.

ತಂತಿಮೀಟು

ರಜಾಯಿ ಹಾಕಿದ ಕೋಣೆಯಲ್ಲಿ ಹಾಡಿ ನೋಡಿದೆ. ಶ್ರುತಿ ಸ್ವಲ್ಪ ಜಾರಿದರೂ ತಕ್ಷಣ ಕೇಳುತ್ತೆ. ಅಭ್ಯಾಸಕ್ಕೆ ಇದು ಬೇಕು ಅನ್ನಿಸಿತು.

ಮಳೆಬಿಲ್ಲು

ಬಟ್ಟೆ ತುಂಬಿದ ಬೀರು ಬಾಗಿಲು ತೆರೆದಿಟ್ಟು ಅದರ ಎದುರು ಮಾತಾಡಿದರೂ ಚೆನ್ನಾಗಿರುತ್ತೆ. ನಾನು ಹಾಗೇ ಮಾಡೋದು.

ಬೂಮ್‌ಕೋಲು

ಒಳ್ಳೆಯ ಉಪಾಯ. ತೂಗುಹಾಕಿದ ಬಟ್ಟೆಯ ನಡುವೆ ಗಾಳಿ ಇರುತ್ತದೆ, ಒಂದು ಮೊಳ ಆಳವೂ ಇರುತ್ತದೆ. ರಜಾಯಿಗಿಂತ ಕೆಳಗಿನ ಸ್ವರದವರೆಗೆ ಹೀರುತ್ತದೆ.

ಪಾಠದ_ದನಿ

ಅಂಕಿಸಾಲು ಅವರು ಮೂರನೆಯ ಪಾಠದ ಒಂದು ನಿಮಿಷವನ್ನು ಮಾಡಿ ಕಳಿಸಿದ್ದಾರೆ. ಕೇಳಿದೆ. ಬಾಲ ನಿಜಕ್ಕೂ ಕಡಿಮೆಯಾಗಿದೆ, "ಹೋದೆವು"ವಿನ ವು ಪೂರ್ತಿ ಇದೆ. ಆದರೆ ನಾನು ಇನ್ನೂ 2 ಮೀಟರ್ ದೂರದಲ್ಲೇ ನಿಂತಿದ್ದೇನೆ, ಹತ್ತಿರ ಬಂದಿಲ್ಲ. ಆ ವಿದ್ಯಾರ್ಥಿನಿಗೇ ಕೇಳಿಸಿದೆ. ಹತ್ತು ಜೋಡಿ ಪದಗಳಲ್ಲಿ ಹಳೆಯದರಲ್ಲಿ 6 ಸರಿ ಹೇಳಿದ್ದಳು, ಇದರಲ್ಲಿ 8. ಇವತ್ತು 15 ಸೆಂಟಿಮೀಟರಿನಲ್ಲಿ ಹೊಸದಾಗಿ ಹೇಳಿದ್ದರಲ್ಲಿ 10ಕ್ಕೆ 10.

ಹಾಗಾಗಿ ಹ್ರಸ್ವ-ದೀರ್ಘ, ವಚನ, ಈ ಎರಡು ವಿಷಯದ ಪಾಠಗಳನ್ನೂ ಅಳಿಸಿಹೋದ ಮೂರನ್ನೂ ಮತ್ತೆ ಹೇಳುತ್ತೇನೆ. ಕತೆ, ಉದಾಹರಣೆಗಳೇ ಹೆಚ್ಚಿರುವ ಉಳಿದವನ್ನು ಡಬ್ಲ್ಯುಪಿಇ ಹಾಕಿ ಇಟ್ಟುಕೊಳ್ಳುತ್ತೇನೆ.

ಬೂಮ್‌ಕೋಲು

ನಾನಾಗಿದ್ದರೆ ಎಲ್ಲವನ್ನೂ ಮತ್ತೆ ಹೇಳುತ್ತಿದ್ದೆ. ಒಂದು ಪಾಠ ಹತ್ತಿರ, ಮುಂದಿನದು ದೂರ ಅಂದರೆ ಕೇಳುವವರ ಕಿವಿ ಪ್ರತಿ ಸಲ ಹೊಂದಿಕೊಳ್ಳಬೇಕು.

ಅಂಕಿಸಾಲು

14 × 20 ನಿಮಿಷ ಸರ್. ಅವರ ಗಂಟಲೂ ನೋಡಬೇಕಲ್ಲ.

ನೀಲಿಗೆರೆ

ಫೋಮು ತೆಗೆದು ಅದೇ ಜಾಗದಲ್ಲಿ ಒಂದು ಗೇಣು ಬಿಟ್ಟು ರಜಾಯಿ ಹಾಕಿದೆ. ಡಬ್ಬದ ಗುಂಯ್ ಇಳಿದಿದೆ, ಒಪ್ಪಿಕೊಳ್ತೀನಿ. ಆದರೆ ಚಪ್ಪಾಳೆ ತಟ್ಟಿದರೆ ತಲೆಯ ಮೇಲಿಂದ ಇನ್ನೂ ಟ್ರ್ರ್ ಅಂತ ಬರುತ್ತಿದೆ. ನೆಲಕ್ಕೂ ಚಾವಣಿಗೂ ನಡುವಿನದು ಇರಬೇಕಲ್ವಾ? ಚಾವಣಿಗೆ ರಜಾಯಿ ಕಟ್ಟಲು ಮನೆಯಲ್ಲಿ ಒಪ್ಪುತ್ತಿಲ್ಲ.

ಅಜ್ಜನ_ರೇಡಿಯೊ

ಚಾವಣಿ ಬಿಡಪ್ಪ, ನಿಲ್ಲುವ ಜಾಗದಲ್ಲಿ ನೆಲಕ್ಕೆ ಎರಡು ಪದರ ದಪ್ಪ ಜಮಖಾನ ಹಾಸು. ಎರಡರಲ್ಲಿ ಒಂದು ಮೆತ್ತಗಾದರೆ ಸಾಕು. ಹಾಸಿದ ಮೇಲೆ ಅದೇ ಜಾಗದಲ್ಲಿ ಚಪ್ಪಾಳೆ ತಟ್ಟಿ ಹೇಗಿದೆ ಅಂತ ಬರೆ.